ಸಮತಟ್ಟಿನಿಂದ ಮೂರು ಡೆಸಿಬೆಲ್ ಕೆಳಗೆ: ಲೋ-ಪಾಸ್ ಫಿಲ್ಟರಿನ ನಕ್ಷೆಯನ್ನು ಓದುವ ಬಗೆ

ಒಂದು ರೆಸಿಸ್ಟರ್, ಒಂದು ಕೆಪ್ಯಾಸಿಟರ್. ಮೊದಲ ದರ್ಜೆಯ ಪ್ಯಾಸಿವ್ ಲೋ-ಪಾಸ್ ಫಿಲ್ಟರಿಗೆ ಇಷ್ಟು ಸಾಕು. ಸಿಗ್ನಲ್ ರೆಸಿಸ್ಟರಿನ ಒಂದು ತುದಿಯಿಂದ ಒಳಗೆ ಬರುತ್ತದೆ. ಇನ್ನೊಂದು ತುದಿಗೂ ಗ್ರೌಂಡಿಗೂ ನಡುವೆ ಕೆಪ್ಯಾಸಿಟರ್ ಇರುತ್ತದೆ. ಅದರ ಮೇಲಿನ ವೋಲ್ಟೇಜೇ ಔಟ್‌ಪುಟ್. ನಿಧಾನವಾಗಿ ಏರಿಳಿಯುವ ಸಿಗ್ನಲ್ ಬಹುತೇಕ ಹಾಗೆಯೇ ದಾಟಿ ಹೋಗುತ್ತದೆ, ವೇಗವಾಗಿ ಏರಿಳಿಯುವುದು ಸೊರಗಿ ಹೊರಬರುತ್ತದೆ. ಇದಕ್ಕೆ ಬ್ಯಾಟರಿಯಾಗಲಿ ಟ್ರಾನ್ಸಿಸ್ಟರ್ ಆಗಲಿ ಬೇಡ; ಪ್ಯಾಸಿವ್ ಎಂಬ ಹೆಸರು ಬಂದದ್ದು ಅದರಿಂದಲೇ. ಸ್ಪೀಕರ್ ಸೆಟ್ಟಿನ ಟೋನ್ ನಿಯಂತ್ರಣದಲ್ಲಿ, ಸೆನ್ಸರಿನಿಂದ ಬರುವ ಸಿಗ್ನಲನ್ನು ಮೈಕ್ರೋಕಂಟ್ರೋಲರಿಗೆ ಕೊಡುವ ಮುನ್ನ ಅದರ ಗದ್ದಲ ತೆಗೆಯುವಲ್ಲಿ, ಹೀಗೆ ಈ ಜೋಡಿ ಎಲ್ಲೆಲ್ಲೂ ಸಿಗುತ್ತದೆ.

ಯಾವ ಆವೃತ್ತಿಯ ಸಿಗ್ನಲ್ ಎಷ್ಟರ ಮಟ್ಟಿಗೆ ದಾಟುತ್ತದೆ ಎಂಬುದನ್ನು ಒಂದೇ ನೋಟಕ್ಕೆ ತೋರಿಸುವುದು ಆವೃತ್ತಿ ಪ್ರತಿಕ್ರಿಯೆಯ ನಕ್ಷೆ. ಅಡ್ಡ ಅಕ್ಷದಲ್ಲಿ ಆವೃತ್ತಿ ಇರುತ್ತದೆ, ನಿಲುವಿನ ಅಕ್ಷದಲ್ಲಿ ಗೇನ್, ಅಂದರೆ ಔಟ್‌ಪುಟ್ ವೋಲ್ಟೇಜನ್ನು ಇನ್‌ಪುಟ್ ವೋಲ್ಟೇಜಿನಿಂದ ಭಾಗಿಸಿದಾಗ ಬರುವ ಸಂಖ್ಯೆ. ಎಡಗಡೆ, ಕಡಿಮೆ ಆವೃತ್ತಿಗಳಲ್ಲಿ, ಗೆರೆ ಸಮತಟ್ಟಾಗಿ ಸಾಗುತ್ತದೆ. ನಡುವೆ ಎಲ್ಲೋ ಮೆಲ್ಲನೆ ಬಾಗುತ್ತದೆ. ಆಮೇಲೆ ಬಲಗಡೆಗೆ ಒಂದೇ ಓರೆಯಲ್ಲಿ ಇಳಿಯುತ್ತಾ ಹೋಗುತ್ತದೆ. ಈ ಗೆರೆಯಿಂದ ಮುಖ್ಯವಾಗಿ ಎರಡು ಸಂಗತಿಗಳನ್ನು ಓದಿಕೊಳ್ಳಬೇಕು: ಸಮತಟ್ಟು ಭಾಗದ ಗೇನ್ ಎಷ್ಟು, ಮತ್ತು ಕಟ್‌ಆಫ್ ಆವೃತ್ತಿ ಯಾವುದು. ಇವನ್ನು ಈ ಕ್ರಮದಲ್ಲಿಯೇ ಓದಬೇಕು. ಮೊದಲನೆಯದನ್ನು ಬಿಟ್ಟು ನೇರವಾಗಿ ಎರಡನೆಯದಕ್ಕೆ ಕೈಹಾಕಿದವರು ಆಗಾಗ ತಪ್ಪು ಉತ್ತರಕ್ಕೆ ಬಂದು ನಿಲ್ಲುತ್ತಾರೆ. ಅದು ಹೇಗೆಂದು ತಿಳಿಯಲು ಗೆರೆ ಬಾಗುವುದೇಕೆ ಎಂಬಲ್ಲಿಂದ ಹೊರಡಬೇಕು.

ಕೆಪ್ಯಾಸಿಟರ್ ಎಸಿ ಸಿಗ್ನಲಿಗೆ ಒಡ್ಡುವ ತಡೆಗೆ ರಿಯಾಕ್ಟೆನ್ಸ್ ಎಂದು ಹೆಸರು. ರೆಸಿಸ್ಟರಿನ ತಡೆ ಎಲ್ಲ ಆವೃತ್ತಿಗಳಿಗೂ ಒಂದೇ. ರಿಯಾಕ್ಟೆನ್ಸ್ ಹಾಗಲ್ಲ, ಆವೃತ್ತಿ ದುಪ್ಪಟ್ಟಾದರೆ ಅದು ಅರ್ಧಕ್ಕಿಳಿಯುತ್ತದೆ, ಹತ್ತು ಪಟ್ಟಾದರೆ ಹತ್ತನೇ ಒಂದು ಭಾಗಕ್ಕೆ. ರೆಸಿಸ್ಟರ್ ಮತ್ತು ಕೆಪ್ಯಾಸಿಟರ್ ಸರಣಿಯಲ್ಲಿರುವುದರಿಂದ ಇನ್‌ಪುಟ್ ವೋಲ್ಟೇಜನ್ನು ಅವೆರಡೂ ಹಂಚಿಕೊಳ್ಳುತ್ತವೆ. ಕಡಿಮೆ ಆವೃತ್ತಿಯಲ್ಲಿ ರಿಯಾಕ್ಟೆನ್ಸ್ ಬಹಳ ದೊಡ್ಡದಾಗಿರುವುದರಿಂದ ಹೆಚ್ಚು ಕಡಿಮೆ ಪೂರ್ತಿ ವೋಲ್ಟೇಜ್ ಕೆಪ್ಯಾಸಿಟರಿನ ಪಾಲಿಗೆ ಬರುತ್ತದೆ, ಗೇನ್ 1ರ ಹತ್ತಿರ ಇರುತ್ತದೆ. ಹೆಚ್ಚಿನ ಆವೃತ್ತಿಯಲ್ಲಿ ರಿಯಾಕ್ಟೆನ್ಸ್ ತೀರಾ ಚಿಕ್ಕದು; ವೋಲ್ಟೇಜೆಲ್ಲ ರೆಸಿಸ್ಟರಿನಲ್ಲೇ ಉಳಿದು ಔಟ್‌ಪುಟ್ಟಿಗೆ ಸಿಗುವುದು ಚೂರು ಮಾತ್ರ.

ಈ ಎರಡು ತುದಿಗಳ ನಡುವೆ ಒಂದು ಆವೃತ್ತಿಯಲ್ಲಿ ರಿಯಾಕ್ಟೆನ್ಸ್ ಮತ್ತು ರೆಸಿಸ್ಟರಿನ ತಡೆ ಸರಿಸಮವಾಗುತ್ತವೆ. ಅದೇ ಕಟ್‌ಆಫ್ ಆವೃತ್ತಿ. ಅದನ್ನು ಕೊಡುವ ಸೂತ್ರ ಇದು:

```
fc = 1 / (2πRC)
```

ಎರಡರ ತಡೆಯೂ ಸಮ ಎಂದ ಮೇಲೆ ವೋಲ್ಟೇಜ್ ಅರ್ಧರ್ಧ ಹಂಚಿಹೋಗಬೇಕು, ಗೇನ್ 0.5 ಆಗಬೇಕು ಎಂದು ಅನ್ನಿಸುವುದು ಸಹಜ. ಆದರೆ ಅಳೆದು ನೋಡಿದರೆ ಸಿಗುವುದು 0.707. ಕಾರಣವೆಂದರೆ ರೆಸಿಸ್ಟರಿನ ವೋಲ್ಟೇಜ್ ಮತ್ತು ಕೆಪ್ಯಾಸಿಟರಿನ ವೋಲ್ಟೇಜ್ ಒಂದೇ ಗಳಿಗೆಯಲ್ಲಿ ಶಿಖರ ಮುಟ್ಟುವುದಿಲ್ಲ. ಒಂದು ಶಿಖರದಲ್ಲಿರುವಾಗ ಇನ್ನೊಂದು ಸೊನ್ನೆಯನ್ನು ಹಾಯುತ್ತಿರುತ್ತದೆ; ಅವುಗಳ ನಡುವೆ 90 ಡಿಗ್ರಿ ಅಂತರ. ಹಾಗಾಗಿ ಅವನ್ನು ಸುಮ್ಮನೆ ಕೂಡಿಸುವಂತಿಲ್ಲ, ಲಂಬಕೋನ ತ್ರಿಭುಜದ ಎರಡು ಬಾಹುಗಳಂತೆ ಕೂಡಿಸಬೇಕು. ಎರಡೂ ಬಾಹುಗಳು 1 ಆದರೆ ಕರ್ಣ 2ರ ವರ್ಗಮೂಲ, ಅಂದರೆ 1.414. ಇಲ್ಲಿ ಕರ್ಣವೇ ಇನ್‌ಪುಟ್, ಒಂದು ಬಾಹು ಔಟ್‌ಪುಟ್. 1ನ್ನು 1.414ರಿಂದ ಭಾಗಿಸಿದರೆ 0.707. ಶಾಲೆಯಲ್ಲಿ ಕಲಿತ ಪೈಥಾಗೊರಸನ ಪ್ರಮೇಯದಿಂದಲೇ ಫಿಲ್ಟರಿನ ಈ ಪ್ರಸಿದ್ಧ ಸಂಖ್ಯೆ ಹುಟ್ಟುತ್ತದೆ. ಶಕ್ತಿ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿರುವುದರಿಂದ 0.707 ಪಟ್ಟು ವೋಲ್ಟೇಜ್ ಎಂದರೆ ಅರ್ಧದಷ್ಟು ಶಕ್ತಿ. ಕಟ್‌ಆಫನ್ನು ಅರ್ಧಶಕ್ತಿಯ ಬಿಂದು ಎಂದು ಕರೆಯುವುದೂ ಇದೇ ಲೆಕ್ಕದಿಂದ.

ನಕ್ಷೆಯಲ್ಲಿ ಗೇನನ್ನು ಸಾಮಾನ್ಯವಾಗಿ ಡೆಸಿಬೆಲ್‌ನಲ್ಲಿ ಬರೆಯುತ್ತಾರೆ. ವೋಲ್ಟೇಜುಗಳ ಅನುಪಾತದ ಲಾಗರಿತಮನ್ನು 20ರಿಂದ ಗುಣಿಸಿದರೆ ಡೆಸಿಬೆಲ್ ಸಿಗುತ್ತದೆ. ಗೇನ್ 1 ಆದರೆ 0 ಡೆಸಿಬೆಲ್, 0.707 ಆದರೆ -3.01, 0.5 ಆದರೆ -6.02, 0.1 ಆದರೆ -20. ಈ ಅಳತೆ 1920ರ ದಶಕದಲ್ಲಿ ಅಮೆರಿಕದ ಬೆಲ್ ಟೆಲಿಫೋನ್ ಸಂಸ್ಥೆಯಲ್ಲಿ, ಉದ್ದುದ್ದ ತಂತಿಗಳಲ್ಲಿ ಧ್ವನಿ ಎಷ್ಟು ಕುಗ್ಗುತ್ತದೆ ಎಂಬುದನ್ನು ಲೆಕ್ಕಹಾಕಲು ಬಳಕೆಗೆ ಬಂತು. ಹೆಸರು ಅಲೆಕ್ಸಾಂಡರ್ ಗ್ರಹಾಂ ಬೆಲ್ ಅವರದು. ಗೇನನ್ನು ಡೆಸಿಬೆಲ್‌ನಲ್ಲೂ ಆವೃತ್ತಿಯನ್ನು ಲಾಗ್ ಅಳತೆಯಲ್ಲೂ ಗುರುತಿಸುವ ನಕ್ಷೆಗೆ ಬೋಡೆ ಪ್ಲಾಟ್ ಎನ್ನುವುದು ಅದೇ ಬೆಲ್ ಪ್ರಯೋಗಾಲಯದ ಹೆಂಡ್ರಿಕ್ ಬೋಡೆ ಅವರ ನೆನಪಿಗೆ. ಈ ಎರಡು ಅಳತೆಗಳನ್ನು ಒಟ್ಟಿಗೆ ಬಳಸಿದಾಗ ಒಂದು ಅನುಕೂಲವಿದೆ: ಬಾಗಿದ ಗೆರೆ ಎರಡು ನೇರ ಗೆರೆಗಳ ಜೋಡಣೆಯಂತೆ ಕಾಣುತ್ತದೆ. ಎಡಕ್ಕೆ ಮಟ್ಟಸ ಗೆರೆ, ಬಲಕ್ಕೆ ಆವೃತ್ತಿ ಹತ್ತು ಪಟ್ಟಾದಾಗಲೆಲ್ಲ 20 ಡೆಸಿಬೆಲ್ ಇಳಿಯುವ ಗೆರೆ. ಆ ಎರಡನ್ನೂ ಪರಸ್ಪರ ಮುಟ್ಟುವವರೆಗೆ ಎಳೆದರೆ ಅವು ಸೇರುವ ಜಾಗ ಸರಿಯಾಗಿ ಕಟ್‌ಆಫ್ ಆವೃತ್ತಿಯ ಮೇಲಿರುತ್ತದೆ. ನಿಜವಾದ ಗೆರೆ ಆ ಮೂಲೆಯನ್ನು ಮುಟ್ಟದೆ 3 ಡೆಸಿಬೆಲ್ ಕೆಳಗಿನಿಂದ ಬಳಸಿಕೊಂಡು ಹೋಗುತ್ತದೆ.

ಅಡ್ಡ ಅಕ್ಷದ ಲಾಗ್ ಅಳತೆ ಹೊಸಬರನ್ನು ದಾರಿ ತಪ್ಪಿಸುವುದುಂಟು. ಅದರಲ್ಲಿ 100ರಿಂದ 1,000ಕ್ಕೆ ಇರುವಷ್ಟೇ ದೂರ 1,000ದಿಂದ 10,000ಕ್ಕೂ ಇರುತ್ತದೆ. ಇಂಥ ಒಂದು ಹತ್ತುಪಟ್ಟಿನ ಪಟ್ಟಿಗೆ ಡೆಕೇಡ್ ಎನ್ನುತ್ತಾರೆ. 1,000 ಮತ್ತು 10,000 ಹರ್ಟ್ಜ್‌ಗಳ ನಟ್ಟನಡುವಿನ ಬಿಂದು 5,500 ಅಲ್ಲ, ಸುಮಾರು 3,160. 2,000 ಹರ್ಟ್ಜ್ ಇರುವುದು ಪಟ್ಟಿಯ ಶೇ. 30ರಷ್ಟು ದೂರದಲ್ಲಿ, 5,000 ಹರ್ಟ್ಜ್ ಶೇ. 70ರಷ್ಟು ದೂರದಲ್ಲಿ. ಆದ್ದರಿಂದ ಎರಡು ಗೀಟುಗಳ ನಡುವಿನ ಬಿಂದುವನ್ನು ಓದುವಾಗ ಸ್ಕೇಲಿನಿಂದ ಅಳೆಯುವುದು ವಾಸಿ. ಒಂದು ಡೆಕೇಡ್ 50 ಮಿಲಿಮೀಟರ್ ಅಗಲವಿದ್ದು, ಬಿಂದು 1,000ದ ಗೀಟಿನಿಂದ 10 ಮಿಲಿಮೀಟರ್ ಬಲಕ್ಕಿದ್ದರೆ, ಅದು ಪಟ್ಟಿಯ ಐದನೇ ಒಂದು ಭಾಗ. 10ರ 0.2ನೇ ಘಾತ 1.585, ಹಾಗಾಗಿ ಆವೃತ್ತಿ 1,585 ಹರ್ಟ್ಜ್. ಇದನ್ನೇ ಮಾಮೂಲಿ ಸ್ಕೇಲಿನಂತೆ ಓದಿದವರು 2,800 ಹರ್ಟ್ಜ್ ಎಂದು ಬರೆದುಬಿಡುತ್ತಾರೆ. ಅದು ಸಣ್ಣ ತಪ್ಪಲ್ಲ.

ಈಗ ಒಂದು ನಿಜವಾದ ಸರ್ಕ್ಯೂಟನ್ನು ತೆಗೆದುಕೊಳ್ಳಬಹುದು. ರೆಸಿಸ್ಟರ್ 10 ಕಿಲೋಓಮ್, ಕೆಪ್ಯಾಸಿಟರ್ 10 ನ್ಯಾನೋಫ್ಯಾರಡ್. ಸೂತ್ರದಲ್ಲಿ ಹಾಕಿದರೆ ಕಟ್‌ಆಫ್ 1,592 ಹರ್ಟ್ಜ್. ಔಟ್‌ಪುಟ್ಟಿಗೆ ಬೇರೇನನ್ನೂ ಜೋಡಿಸದೆ ನಕ್ಷೆ ತೆಗೆದರೆ ಸಮತಟ್ಟು ಭಾಗ 0 ಡೆಸಿಬೆಲ್‌ನಲ್ಲಿ ಕೂರುತ್ತದೆ. ಗೆರೆ -3 ಡೆಸಿಬೆಲ್ ಮುಟ್ಟುವ ಬಿಂದುವಿನಿಂದ ನೇರ ಕೆಳಗಿಳಿದರೆ 1,592 ಹರ್ಟ್ಜ್ ಸಿಗುತ್ತದೆ. ಪಠ್ಯಪುಸ್ತಕಗಳಲ್ಲಿ ಇರುವ ಚಿತ್ರ ಬಹುಪಾಲು ಇದೇ. ಇದನ್ನು ಹತ್ತಾರು ಸಲ ನೋಡಿದವರ ಮನಸ್ಸಿನಲ್ಲಿ ‘ಕಟ್‌ಆಫ್ ಎಂದರೆ -3 ಡೆಸಿಬೆಲ್’ ಎಂಬ ಮಾತು ನೆಲೆಯೂರುತ್ತದೆ. ಆ ಮಾತು ಈ ಒಂದು ಸಂದರ್ಭಕ್ಕೆ ಮಾತ್ರ ಒಪ್ಪುವಂಥದ್ದು.

ಅದೇ ಫಿಲ್ಟರಿನ ಔಟ್‌ಪುಟ್ಟಿಗೆ, ಕೆಪ್ಯಾಸಿಟರಿಗೆ ಅಡ್ಡಲಾಗಿ, ಇನ್ನೊಂದು 10 ಕಿಲೋಓಮ್ ರೆಸಿಸ್ಟರನ್ನು ಜೋಡಿಸಬೇಕು. ಇದು ಫಿಲ್ಟರಿನ ಮೇಲಿನ ಲೋಡ್. ನಿಜಜೀವನದಲ್ಲಿ ಈ ಜಾಗದಲ್ಲಿ ಮುಂದಿನ ಆಂಪ್ಲಿಫೈಯರಿನ ಇನ್‌ಪುಟ್ ಇರಬಹುದು, ಒಂದು ವಾಲ್ಯೂಮ್ ಕಂಟ್ರೋಲ್ ಇರಬಹುದು. ಈಗ ಮತ್ತೆ ನಕ್ಷೆ ತೆಗೆದರೆ ಚಿತ್ರವೇ ಬದಲಾಗಿರುತ್ತದೆ. ಕಡಿಮೆ ಆವೃತ್ತಿಯಲ್ಲಿ ಕೆಪ್ಯಾಸಿಟರ್ ಇದ್ದೂ ಇಲ್ಲದಂತಿರುವುದರಿಂದ ಎರಡು 10 ಕಿಲೋಓಮ್‌ಗಳು ವೋಲ್ಟೇಜನ್ನು ಸಮಪಾಲು ಮಾಡಿಕೊಳ್ಳುತ್ತವೆ. ಗೇನ್ 0.5 ಆಗುತ್ತದೆ. ಸಮತಟ್ಟು ಭಾಗ 0ಯಿಂದ ಇಳಿದು -6.02 ಡೆಸಿಬೆಲ್‌ನಲ್ಲಿ ನಿಲ್ಲುತ್ತದೆ.

ಇಲ್ಲಿ -3 ಡೆಸಿಬೆಲ್ ಗೀಟನ್ನು ಹುಡುಕಿದರೆ ಏನೂ ಸಿಗುವುದಿಲ್ಲ. ಇಡೀ ಗೆರೆ ಅದಕ್ಕಿಂತ ಕೆಳಗೇ ಇದೆ, ಎಲ್ಲಿಯೂ ಅದನ್ನು ಮುಟ್ಟುವುದೇ ಇಲ್ಲ. ಹಾಗೆಂದು ಫಿಲ್ಟರಿಗೆ ಕಟ್‌ಆಫ್ ಇಲ್ಲವೆಂದಲ್ಲ. ಮೂರು ಡೆಸಿಬೆಲನ್ನು ಎಣಿಸಬೇಕಾದದ್ದು ಅಕ್ಷದ ಸೊನ್ನೆಯಿಂದ ಅಲ್ಲ, ಈ ಗೆರೆಯದೇ ಸಮತಟ್ಟಿನಿಂದ. -6.02ರಿಂದ ಮೂರು ಇಳಿದರೆ -9.03. ಗೆರೆ ಅಲ್ಲಿಗೆ ತಲುಪುವುದು 3,183 ಹರ್ಟ್ಜ್‌ನಲ್ಲಿ. ವೋಲ್ಟೇಜಿನ ಭಾಷೆಯಲ್ಲಿ ಹೇಳುವುದಾದರೆ ಔಟ್‌ಪುಟ್ ಇನ್‌ಪುಟ್ಟಿನ 0.707ಕ್ಕೆ ಇಳಿಯುವ ಬಿಂದುವನ್ನು ಹುಡುಕಬಾರದು. ಸಮತಟ್ಟಿನ ಔಟ್‌ಪುಟ್ಟಿನ 0.707ಕ್ಕೆ, ಅಂದರೆ ಇಲ್ಲಿ ಇನ್‌ಪುಟ್ಟಿನ 0.354ಕ್ಕೆ ಇಳಿಯುವ ಬಿಂದುವನ್ನು ಹುಡುಕಬೇಕು. ಗೇನನ್ನು ಮೊದಲು ಓದಬೇಕು ಎಂದು ಆರಂಭದಲ್ಲಿ ಹೇಳಿದ್ದು ಈ ಕಾರಣಕ್ಕೆ.

ಲೋಡ್ ಸೇರಿದ್ದರಿಂದ ಗೇನ್ ಅರ್ಧವಾಯಿತು, ಕಟ್‌ಆಫ್ ಎರಡು ಪಟ್ಟಾಯಿತು. ಇದು ಆಕಸ್ಮಿಕವಲ್ಲ. ಕೆಪ್ಯಾಸಿಟರಿನ ಕಡೆಯಿಂದ ನೋಡಿದರೆ ಅದು ಚಾರ್ಜ್ ಆಗಲು, ಡಿಸ್ಚಾರ್ಜ್ ಆಗಲು ಈಗ ಎರಡು ದಾರಿಗಳಿವೆ: ಒಂದು ಸರಣಿಯ ರೆಸಿಸ್ಟರಿನ ಮೂಲಕ, ಇನ್ನೊಂದು ಲೋಡಿನ ಮೂಲಕ. ಅದರ ಪಾಲಿಗೆ ಈ ಎರಡೂ ಸಮಾಂತರವಾಗಿ ಕೂತಂತೆ. 10 ಕಿಲೋಓಮ್‌ನ ಎರಡು ರೆಸಿಸ್ಟರುಗಳು ಸಮಾಂತರವಾದರೆ 5 ಕಿಲೋಓಮ್. ಸೂತ್ರದಲ್ಲಿ ಹಾಕಬೇಕಾದದ್ದು ಆ 5. ನಕ್ಷೆಯ ಮೇಲೂ ಇದನ್ನು ಕಣ್ಣಾರೆ ಕಾಣಬಹುದು. ಲೋಡ್ ಇಲ್ಲದ ಗೆರೆ ಮತ್ತು ಲೋಡ್ ಇರುವ ಗೆರೆ ಎರಡನ್ನೂ ಒಂದೇ ಹಾಳೆಯಲ್ಲಿ ಬರೆದರೆ, ಬಲಗಡೆಯ ಇಳಿಜಾರಿನಲ್ಲಿ ಅವು ಒಂದರ ಮೇಲೊಂದು ಕೂರುತ್ತವೆ. ಹೆಚ್ಚಿನ ಆವೃತ್ತಿಯಲ್ಲಿ ಕೆಪ್ಯಾಸಿಟರಿನ ತಡೆ ಅಷ್ಟು ಚಿಕ್ಕದಾಗಿರುವಾಗ ಪಕ್ಕದ 10 ಕಿಲೋಓಮ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಇಳಿಜಾರು ಕದಲಲಿಲ್ಲ, ಸಮತಟ್ಟು ಮಾತ್ರ ಕೆಳಗಿಳಿಯಿತು. ಹಾಗಾಗಿ ಅವೆರಡೂ ಸೇರುವ ಮೂಲೆ ಇಳಿಜಾರಿನ ಗುಂಟ ಬಲಕ್ಕೆ ಜರುಗಿತು. ಗೇನ್ ಮತ್ತು ಕಟ್‌ಆಫ್‌ಗಳ ಗುಣಲಬ್ಧ ಮಾತ್ರ ಹಾಗೆಯೇ ಉಳಿಯಿತು: 1 ಗುಣಿಸು 1,592, ಅಥವಾ 0.5 ಗುಣಿಸು 3,183.

ಲೋಡ್ ಎಷ್ಟು ದೊಡ್ಡದಿದ್ದರೆ ಅದನ್ನು ಮರೆಯಬಹುದು ಎಂಬ ಪ್ರಶ್ನೆಗೆ ಇದೇ ಲೆಕ್ಕ ಉತ್ತರ ಕೊಡುತ್ತದೆ. ಲೋಡ್ ಸರಣಿ ರೆಸಿಸ್ಟರಿನ ಹತ್ತು ಪಟ್ಟಿದ್ದರೆ ಗೇನ್ 0.909, ಅಂದರೆ ಸಮತಟ್ಟು 0.83 ಡೆಸಿಬೆಲ್ ಇಳಿಯುತ್ತದೆ, ಕಟ್‌ಆಫ್ ಶೇ. 10ರಷ್ಟು ಮೇಲೆ ಹೋಗುತ್ತದೆ. ನೂರು ಪಟ್ಟಿದ್ದರೆ ಇಳಿತ 0.1 ಡೆಸಿಬೆಲ್‌ಗಿಂತಲೂ ಕಡಿಮೆ, ಕಟ್‌ಆಫಿನ ಬದಲಾವಣೆ ಶೇ. 1. ಹತ್ತು ಪಟ್ಟು ಸಾಕೆನ್ನುವುದು ರೂಢಿಯ ಮಾತು. ನಿಖರತೆ ಬೇಕಾದಲ್ಲಿ ಅದು ಸಾಲದು.

ಪ್ರಯೋಗಶಾಲೆಯಲ್ಲಿ ನಕ್ಷೆ ತೆಗೆಯುವ ಕ್ರಮ ಹೀಗಿರುತ್ತದೆ. ಸಿಗ್ನಲ್ ಜನರೇಟರಿನಿಂದ ಸೈನ್ ತರಂಗವನ್ನು ಫಿಲ್ಟರಿಗೆ ಕೊಡುತ್ತಾರೆ. ಆಸಿಲೋಸ್ಕೋಪಿನ ಒಂದು ಚಾನೆಲ್ಲನ್ನು ಇನ್‌ಪುಟ್ಟಿಗೆ, ಇನ್ನೊಂದನ್ನು ಔಟ್‌ಪುಟ್ಟಿಗೆ ಜೋಡಿಸುತ್ತಾರೆ. ಆವೃತ್ತಿಯನ್ನು 100, 200, 500, ಮತ್ತೆ 1,000, 2,000, 5,000 ಎಂಬ ನಡಿಗೆಯಲ್ಲಿ ಏರಿಸುತ್ತಾ ಹೋದರೆ ಲಾಗ್ ಅಕ್ಷದ ಮೇಲೆ ಬಿಂದುಗಳು ಹೆಚ್ಚು ಕಡಿಮೆ ಸಮದೂರದಲ್ಲಿ ಬೀಳುತ್ತವೆ. ಪ್ರತಿ ಹೆಜ್ಜೆಯಲ್ಲೂ ಎರಡೂ ವೋಲ್ಟೇಜುಗಳನ್ನು ಬರೆದುಕೊಳ್ಳಬೇಕು. ಇನ್‌ಪುಟ್ಟನ್ನು ಮೊದಲಿಗೆ ಒಮ್ಮೆ ಅಳೆದು ಕೈಬಿಡುವುದು ಸರಿಯಲ್ಲ. ಆವೃತ್ತಿ ಏರಿದಂತೆ ಫಿಲ್ಟರ್ ಜನರೇಟರಿನಿಂದ ಹೆಚ್ಚು ಕರೆಂಟ್ ಎಳೆಯುವುದರಿಂದ ಇನ್‌ಪುಟ್ ವೋಲ್ಟೇಜ್ ಕೊಂಚ ಕುಗ್ಗಲೂಬಹುದು.

ಮೇಲಿನ ಲೋಡ್ ಇರುವ ಸರ್ಕ್ಯೂಟಿಗೆ 1 ವೋಲ್ಟ್ ಕೊಟ್ಟರೆ ಲೆಕ್ಕದ ಪ್ರಕಾರ 100 ಹರ್ಟ್ಜ್‌ನಲ್ಲಿ 0.500 ವೋಲ್ಟ್ ಬರುತ್ತದೆ, 500 ಹರ್ಟ್ಜ್‌ನಲ್ಲಿ 0.494, 1,000ದಲ್ಲಿ 0.477, 2,000ದಲ್ಲಿ 0.423. ಮುಂದೆ 5,000ಕ್ಕೆ 0.269, 10,000ಕ್ಕೆ 0.152, 1 ಲಕ್ಷ ಹರ್ಟ್ಜ್‌ಗೆ 0.016. ಮೊದಲ ಎರಡು ಓದುಗಳು ಹೆಚ್ಚು ಕಡಿಮೆ ಒಂದೇ ಆಗಿರುವುದರಿಂದ ಸಮತಟ್ಟು 0.5 ಎಂದು ಗೊತ್ತಾಯಿತು. ಅದರ 0.707 ಪಟ್ಟು 0.354. ಆ ವೋಲ್ಟೇಜ್ 2,000 ಮತ್ತು 5,000ದ ನಡುವೆ ಎಲ್ಲೋ ಇದೆ. ಇಲ್ಲಿ ಕಣ್ಣಂದಾಜಿಗೆ ಗೆರೆ ಎಳೆಯುವ ಬದಲು ಜನರೇಟರಿನ ಗುಂಡಿಯನ್ನು ಮೆಲ್ಲಗೆ ತಿರುಗಿಸಿ, ಔಟ್‌ಪುಟ್ 0.354ಕ್ಕೆ ಬಂದಾಗ ಆವೃತ್ತಿಯನ್ನು ಓದಿಕೊಳ್ಳುವುದು ಒಳ್ಳೆಯದು. ಬಾಗುವ ಜಾಗದಲ್ಲಿ ಬಿಂದುಗಳು ಒತ್ತೊತ್ತಾಗಿ ಬೇಕು. ಸಮತಟ್ಟಿನಲ್ಲೂ ಇಳಿಜಾರಿನಲ್ಲೂ ವಿರಳವಾಗಿದ್ದರೆ ನಡೆಯುತ್ತದೆ.

ಸಿಕ್ಕಿದ ಉತ್ತರವನ್ನು ಬೇರೆ ದಾರಿಯಿಂದ ತಾಳೆ ನೋಡಲು ಇಳಿಜಾರು ನೆರವಾಗುತ್ತದೆ. ಇಳಿಜಾರಿನ ದೂರದ ಒಂದು ಬಿಂದುವಿನ ಗೇನನ್ನು ಅಲ್ಲಿನ ಆವೃತ್ತಿಯಿಂದ ಗುಣಿಸಿ, ಸಮತಟ್ಟಿನ ಗೇನಿನಿಂದ ಭಾಗಿಸಿದರೆ ಕಟ್‌ಆಫ್ ಬರಬೇಕು. 1 ಲಕ್ಷ ಹರ್ಟ್ಜ್‌ನಲ್ಲಿ ಗೇನ್ 0.0159, ಗುಣಿಸಿದರೆ 1,590, 0.5ರಿಂದ ಭಾಗಿಸಿದರೆ 3,180. ಸರಿಹೊಂದಿತು. ಆದರೆ ಇದೇ ಲೆಕ್ಕವನ್ನು 10,000 ಹರ್ಟ್ಜ್‌ನ ಬಿಂದುವಿನಿಂದ ಮಾಡಿದರೆ ಬರುವುದು ಸುಮಾರು 3,030, 5,000ದ ಬಿಂದುವಿನಿಂದಾದರೆ 2,690. ಬಾಗುವ ಜಾಗದ ಸಮೀಪದಲ್ಲಿ ಗೆರೆ ಇನ್ನೂ ಪೂರ್ತಿ ಓರೆಗೆ ಬಂದಿರುವುದಿಲ್ಲ ಎಂಬುದೇ ಈ ವ್ಯತ್ಯಾಸಕ್ಕೆ ಕಾರಣ. ಕಟ್‌ಆಫಿನಿಂದ ಅದರ ಎರಡು ಪಟ್ಟು ಆವೃತ್ತಿಗೆ ಹೋಗುವಾಗ ಗೆರೆ ಇಳಿಯುವುದು 4 ಡೆಸಿಬೆಲ್ ಮಾತ್ರ. ಮುಂದಿನ ದುಪ್ಪಟ್ಟಿಗೆ 5.3, ಅದರ ಮುಂದಿನದಕ್ಕೆ 5.8. ಪೂರ್ತಿ 6 ಡೆಸಿಬೆಲ್‌ನ ಇಳಿತ ಸಿಗುವುದು ಇನ್ನೂ ದೂರ ಹೋದ ಮೇಲೆ. ಇಳಿಜಾರಿನ ನೇರ ಗೆರೆಯನ್ನು ಸ್ಕೇಲಿಟ್ಟು ಹಿಂದಕ್ಕೆ ಎಳೆಯುವವರೂ ಕಟ್‌ಆಫಿನ ಹತ್ತು ಪಟ್ಟಿಗಿಂತ ಆಚೆಯ ಬಿಂದುಗಳನ್ನೇ ಆಧಾರವಾಗಿ ಇಟ್ಟುಕೊಳ್ಳಬೇಕು.

ಮೂರನೆಯ ಸಾಕ್ಷಿ ಫೇಸ್. ಔಟ್‌ಪುಟ್ ತರಂಗ ಇನ್‌ಪುಟ್ಟಿಗಿಂತ ಎಷ್ಟು ಹಿಂದೆ ಬಿದ್ದಿದೆ ಎಂಬುದು ಅದು. ಕಟ್‌ಆಫಿನ ಹತ್ತನೇ ಒಂದು ಭಾಗದಷ್ಟು ಆವೃತ್ತಿಯಲ್ಲಿ 6 ಡಿಗ್ರಿಯಷ್ಟಿರುವ ಈ ಹಿನ್ನಡೆ, ಕಟ್‌ಆಫಿನಲ್ಲಿ ಸರಿಯಾಗಿ 45 ಡಿಗ್ರಿ ಆಗುತ್ತದೆ, ಹತ್ತು ಪಟ್ಟು ಆವೃತ್ತಿಯಲ್ಲಿ 84 ಡಿಗ್ರಿ ಮುಟ್ಟುತ್ತದೆ. ಲೋಡ್ ಇರಲಿ, ಇಲ್ಲದಿರಲಿ, ಕಟ್‌ಆಫಿನಲ್ಲಿ 45 ಡಿಗ್ರಿ ಎಂಬುದು ತಪ್ಪುವುದಿಲ್ಲ. 3,183 ಹರ್ಟ್ಜ್‌ನ ಒಂದು ಪೂರ್ಣ ಅಲೆಗೆ 314 ಮೈಕ್ರೋಸೆಕೆಂಡ್ ಬೇಕು; 45 ಡಿಗ್ರಿ ಅದರ ಎಂಟನೇ ಒಂದು ಭಾಗ. ಆಸಿಲೋಸ್ಕೋಪಿನ ಪರದೆಯ ಮೇಲೆ ಎರಡು ಅಲೆಗಳ ನಡುವೆ 39 ಮೈಕ್ರೋಸೆಕೆಂಡಿನ ಅಂತರ ಕಂಡರೆ ಆವೃತ್ತಿ ಸರಿಯಾದ ಜಾಗದಲ್ಲಿದೆ ಎಂದರ್ಥ. ಈ ಅಳತೆಗೆ ವೋಲ್ಟೇಜಿನ ಎತ್ತರ ಬೇಕಿಲ್ಲ, ಹಾಗಾಗಿ ಗೇನ್ ಅಳೆಯುವಲ್ಲಿ ಆದ ತಪ್ಪು ಇದನ್ನು ತಟ್ಟುವುದಿಲ್ಲ.

ಅಂಥ ತಪ್ಪುಗಳು ಆಗುವುದು ಹೆಚ್ಚಾಗಿ ಉಪಕರಣಗಳ ಜೋಡಣೆಯಲ್ಲಿ, ಮತ್ತು ನಕ್ಷೆಯೇ ಅವನ್ನು ಹೊರಗೆಡಹುತ್ತದೆ. ಪ್ಯಾಸಿವ್ ಫಿಲ್ಟರ್ ವೋಲ್ಟೇಜನ್ನು ಹಂಚಬಲ್ಲುದೇ ಹೊರತು ಹೆಚ್ಚಿಸಲಾರದು. ಒಂದು ರೆಸಿಸ್ಟರ್ ಒಂದು ಕೆಪ್ಯಾಸಿಟರಿನ ಈ ಸರ್ಕ್ಯೂಟಿನಲ್ಲಿ ಗೇನ್ ಎಂದಿಗೂ 0 ಡೆಸಿಬೆಲನ್ನು ಮೀರುವಂತಿಲ್ಲ. ಆದರೂ ಸಮತಟ್ಟು +6 ಡೆಸಿಬೆಲ್‌ನಲ್ಲಿ ಕೂತಿರುವ ನಕ್ಷೆಗಳು ವಿದ್ಯಾರ್ಥಿಗಳ ರೆಕಾರ್ಡ್ ಪುಸ್ತಕಗಳಲ್ಲಿ ಸಿಗುತ್ತವೆ. ಇದಕ್ಕೆ ಕಾರಣ ಬಹುಮಟ್ಟಿಗೆ ಒಂದೇ. ಅನೇಕ ಜನರೇಟರುಗಳು ತಮ್ಮ ಮುಂದೆ 50 ಓಮ್‌ನ ಲೋಡ್ ಇದೆ ಎಂದು ಎಣಿಸಿ ಪರದೆಯ ಮೇಲೆ ವೋಲ್ಟೇಜ್ ತೋರಿಸುತ್ತವೆ. ಮುಂದಿರುವುದು ಕಿಲೋಓಮ್‌ಗಳ ಫಿಲ್ಟರಾದಾಗ ನಿಜವಾದ ವೋಲ್ಟೇಜ್ ತೋರಿಸಿದ್ದರ ಎರಡು ಪಟ್ಟಿರುತ್ತದೆ. ಜನರೇಟರಿನ ಪರದೆಯಲ್ಲಿದ್ದುದನ್ನೇ ಇನ್‌ಪುಟ್ ಎಂದು ಬರೆದುಕೊಂಡರೆ ಗೇನ್ ದುಪ್ಪಟ್ಟಾಗಿ ಕಾಣುತ್ತದೆ. ಫಿಲ್ಟರಿನ ಇನ್‌ಪುಟ್ ತಂತಿಯ ಮೇಲೆಯೇ ಆಸಿಲೋಸ್ಕೋಪ್ ಇಟ್ಟು ಅಳೆದರೆ ಈ ತೊಂದರೆ ಇರುವುದಿಲ್ಲ.

ಸಮತಟ್ಟು 20 ಡೆಸಿಬೆಲ್ ಮೇಲಕ್ಕೋ ಕೆಳಕ್ಕೋ ಸರಿದಿದ್ದರೆ ಪ್ರೋಬಿನ ಕಡೆ ನೋಡಬೇಕು. ಆಸಿಲೋಸ್ಕೋಪಿನ ಪ್ರೋಬುಗಳ ಮೇಲೆ 1 ಪಟ್ಟು, 10 ಪಟ್ಟು ಎಂಬ ಎರಡು ಸ್ಥಾನಗಳ ಸ್ವಿಚ್ ಇರುತ್ತದೆ. ಪ್ರೋಬ್ ಒಂದು ಸ್ಥಾನದಲ್ಲಿದ್ದು ಚಾನೆಲ್ಲಿನ ಸೆಟಿಂಗ್ ಇನ್ನೊಂದರಲ್ಲಿದ್ದರೆ ಓದು ಸರಿಯಾಗಿ ಹತ್ತು ಪಟ್ಟು ತಪ್ಪುತ್ತದೆ. ಈ ಎರಡೂ ತಪ್ಪುಗಳಲ್ಲಿ ಒಂದು ಸಮಾಧಾನವಿದೆ: ಇಡೀ ಗೆರೆ ಆಕಾರ ಕೆಡದೆ ಮೇಲೆ ಕೆಳಗೆ ಸರಿಯುತ್ತದೆ, ಅಷ್ಟೆ. ಕಟ್‌ಆಫನ್ನು ಸಮತಟ್ಟಿನಿಂದ ಮೂರು ಡೆಸಿಬೆಲ್ ಎಣಿಸಿ ಓದಿದವರಿಗೆ ಆವೃತ್ತಿ ಸರಿಯಾಗಿಯೇ ಸಿಗುತ್ತದೆ. ಅಕ್ಷದ -3ನ್ನು ಹುಡುಕಿದವರು ಮಾತ್ರ ಎಡವುತ್ತಾರೆ.

ಆಕಾರವನ್ನೇ ಕೆಡಿಸುವ ದೋಷ ಬೇರೆ ಬಗೆಯದು, ಅದು ಅಳೆಯುವ ಉಪಕರಣವೇ ಲೋಡ್ ಆಗುವುದರಿಂದ ಬರುತ್ತದೆ. ಆಸಿಲೋಸ್ಕೋಪಿನ ಇನ್‌ಪುಟ್ ಸಾಮಾನ್ಯವಾಗಿ 1 ಮೆಗಾಓಮ್. ಅದರ ಜೊತೆಗೆ ಕೋಆಕ್ಸಿಯಲ್ ಕೇಬಲ್ ಮೀಟರಿಗೆ ಸುಮಾರು 100 ಪಿಕೋಫ್ಯಾರಡ್‌ನಷ್ಟು ಕೆಪ್ಯಾಸಿಟೆನ್ಸ್ ಸೇರಿಸುತ್ತದೆ. 10 ಕಿಲೋಓಮ್, 10 ನ್ಯಾನೋಫ್ಯಾರಡ್‌ನ ಫಿಲ್ಟರಿಗೆ ಇದು ಲೆಕ್ಕಕ್ಕಿಲ್ಲ, ಎರಡೂ ಶೇ. 1ರ ಆಸುಪಾಸಿನ ವಿಷಯ. ಅದೇ ಕಟ್‌ಆಫನ್ನು 100 ಕಿಲೋಓಮ್ ಮತ್ತು 1 ನ್ಯಾನೋಫ್ಯಾರಡ್‌ನಿಂದ ಪಡೆದಿದ್ದರೆ ಕತೆ ಬೇರೆ. ಆಗ ಆ 1 ಮೆಗಾಓಮ್ ಸಮತಟ್ಟನ್ನು 0.83 ಡೆಸಿಬೆಲ್ ಇಳಿಸಿ ಕಟ್‌ಆಫನ್ನು ಮೇಲಕ್ಕೆ ತಳ್ಳುತ್ತದೆ, ಕೇಬಲ್ಲಿನ ಕೆಪ್ಯಾಸಿಟೆನ್ಸ್ ಅದನ್ನು ಕೆಳಕ್ಕೆ ಎಳೆಯುತ್ತದೆ. ಎರಡೂ ಒಂದನ್ನೊಂದು ಬಹುಪಾಲು ಸರಿದೂಗಿಸಿ ಕಟ್‌ಆಫ್ ಸರಿಯಾಗಿದೆ ಎಂಬಂತೆ ತೋರಬಹುದು. ಏನೋ ಸರಿಯಿಲ್ಲ ಎಂದು ಹೇಳುವುದು ಆಗ ಸಮತಟ್ಟಿನ ಇಳಿತವೊಂದೇ.

ಇಳಿಜಾರಿನ ಬಲತುದಿಯನ್ನು ಎಷ್ಟು ದೂರದವರೆಗೆ ನಂಬಬಹುದು ಎಂಬುದಕ್ಕೂ ಮಿತಿಯಿದೆ. 10 ಲಕ್ಷ ಹರ್ಟ್ಜ್‌ನಲ್ಲಿ ಮೇಲಿನ ಫಿಲ್ಟರಿನ ಔಟ್‌ಪುಟ್ 1.6 ಮಿಲಿವೋಲ್ಟ್ ಮಾತ್ರ. ಸಾಧಾರಣ ಆಸಿಲೋಸ್ಕೋಪಿನಲ್ಲಿ ಅದು ಉಪಕರಣದ ಸ್ವಂತ ಗದ್ದಲದೊಳಗೆ ಹೂತುಹೋಗುತ್ತದೆ. ಅಲ್ಲಿ ಗೆರೆ ಇಳಿಯುವುದನ್ನು ನಿಲ್ಲಿಸಿ ಮತ್ತೆ ಮಟ್ಟಸವಾದರೆ ಅದು ಫಿಲ್ಟರಿನ ಗುಣವಲ್ಲ, ಅಳತೆಯ ತಳ. ಇನ್ನೂ ಮೇಲಿನ ಆವೃತ್ತಿಗಳಲ್ಲಿ ಕೆಪ್ಯಾಸಿಟರಿನ ಕಾಲುಗಳ ಇಂಡಕ್ಟೆನ್ಸ್ ಮುಂದೆ ಬಂದು ಗೆರೆ ನಿಜವಾಗಿಯೇ ಮೇಲಕ್ಕೆ ತಿರುಗುವುದೂ ಉಂಟು. ಇಳಿಜಾರು ಡೆಕೇಡಿಗೆ 20ರ ಬದಲು 40 ಡೆಸಿಬೆಲ್ ಇಳಿಯುತ್ತಿದ್ದರೆ ಮಾತ್ರ ಅದು ಮೊದಲ ದರ್ಜೆಯ ಫಿಲ್ಟರೇ ಅಲ್ಲ. ಎಲ್ಲೋ ಇನ್ನೊಂದು ಹಂತ ಅಡಗಿದೆ.

ಕಟ್‌ಆಫ್ ಎಂಬ ಹೆಸರು ಕೇಳಿದರೆ ಅಲ್ಲಿಂದಾಚೆ ಏನೂ ದಾಟುವುದಿಲ್ಲ ಎಂಬ ಭಾವನೆ ಬರುತ್ತದೆ. ಮೊದಲ ದರ್ಜೆಯ ಫಿಲ್ಟರಿನ ಮಟ್ಟಿಗೆ ಅದು ಸುಳ್ಳು. ಕಟ್‌ಆಫಿನ ಎರಡು ಪಟ್ಟು ಆವೃತ್ತಿಯಲ್ಲೂ ಸಮತಟ್ಟಿನ ಶೇ. 45ರಷ್ಟು ವೋಲ್ಟೇಜ್ ಹೊರಬರುತ್ತದೆ, ಹತ್ತು ಪಟ್ಟಿನಲ್ಲಿ ಶೇ. 10ರಷ್ಟು. ಇತ್ತ ಕಟ್‌ಆಫಿಗಿಂತ ಕೆಳಗಿರುವುದೆಲ್ಲ ಕ್ಷೇಮವಾಗಿ ದಾಟುತ್ತದೆ ಎನ್ನುವುದೂ ಸರಿಯಲ್ಲ. ಅದರ ಅರ್ಧ ಆವೃತ್ತಿಯಲ್ಲಿಯೇ ಶೇ. 10ಕ್ಕಿಂತ ಹೆಚ್ಚು ನಷ್ಟವಾಗಿರುತ್ತದೆ. ಉಳಿಸಿಕೊಳ್ಳಬೇಕಾದ ಸಿಗ್ನಲಿನಲ್ಲಿ ನಷ್ಟ ಶೇ. 1ರೊಳಗೆ ಇರಬೇಕಾದರೆ ಅದು ಕಟ್‌ಆಫಿನ ಏಳನೇ ಒಂದು ಭಾಗದ ಕೆಳಗಿರಬೇಕು. ಆದ್ದರಿಂದ ಉಳಿಸಬೇಕಾದ ಆವೃತ್ತಿಗೂ ತೊಲಗಿಸಬೇಕಾದ ಆವೃತ್ತಿಗೂ ನಡುವೆ ಒಂದೆರಡು ಡೆಕೇಡುಗಳಷ್ಟು ಅಂತರವಿದ್ದಾಗ ಮಾತ್ರ ಈ ಸರಳ ಫಿಲ್ಟರ್ ಕೈಹಿಡಿಯುತ್ತದೆ.

ಸಮತಟ್ಟು ಮತ್ತು ಕಟ್‌ಆಫ್ ಎರಡೂ ಕೈಯಲ್ಲಿದ್ದರೆ ನಕ್ಷೆಯನ್ನು ಹಿಮ್ಮುಖವಾಗಿ ಓದಿ ಸರ್ಕ್ಯೂಟಿನ ಒಳಗೇನಿದೆ ಎಂದೂ ತಿಳಿಯಬಹುದು. ಸರಣಿ ರೆಸಿಸ್ಟರ್ 10 ಕಿಲೋಓಮ್ ಎಂಬುದು ಗೊತ್ತಿದೆ, ಲೋಡ್ ಗೊತ್ತಿಲ್ಲ, ನಕ್ಷೆಯ ಸಮತಟ್ಟು -3.5 ಡೆಸಿಬೆಲ್‌ನಲ್ಲಿದೆ, ಗೆರೆ -6.5 ಮುಟ್ಟುವುದು 2,650 ಹರ್ಟ್ಜ್‌ನಲ್ಲಿ ಎಂದುಕೊಳ್ಳೋಣ. -3.5 ಡೆಸಿಬೆಲ್ ಎಂದರೆ ಗೇನ್ 0.668. ಔಟ್‌ಪುಟ್ಟಿನ ಪಾಲು 0.668 ಆದರೆ ಸರಣಿ ರೆಸಿಸ್ಟರಿನ ಪಾಲು 0.332, ಮೊದಲನೆಯದು ಎರಡನೆಯದರ ಸುಮಾರು ಎರಡು ಪಟ್ಟು, ಹಾಗಾಗಿ ಲೋಡ್ 20 ಕಿಲೋಓಮ್. ಅದು ಮತ್ತು 10 ಕಿಲೋಓಮ್ ಸಮಾಂತರವಾದರೆ 6.7 ಕಿಲೋಓಮ್. ಈ ಬೆಲೆಯನ್ನೂ 2,650 ಹರ್ಟ್ಜನ್ನೂ ಸೂತ್ರದಲ್ಲಿಟ್ಟರೆ ಕೆಪ್ಯಾಸಿಟರ್ 9 ನ್ಯಾನೋಫ್ಯಾರಡ್ ಎಂದು ಬರುತ್ತದೆ. ಅದರ ಮೈಮೇಲೆ 103 ಎಂದು ಬರೆದಿದ್ದರೆ ಅದು 10 ನ್ಯಾನೋಫ್ಯಾರಡ್‌ನ ಗುರುತು. ಪಕ್ಕದಲ್ಲಿ ಕೆ ಎಂಬ ಇಂಗ್ಲಿಷ್ ಅಕ್ಷರವಿದ್ದರೆ ಶೇ. 10ರಷ್ಟು ಹೆಚ್ಚು ಕಡಿಮೆಯಾಗಬಹುದೆಂದು ಅರ್ಥ. 9 ನ್ಯಾನೋಫ್ಯಾರಡ್ ಆ ಮಿತಿಯ ಅಂಚಿನಲ್ಲೇ ಇದೆ, ಕೆಪ್ಯಾಸಿಟರನ್ನು ಬದಲಿಸಬೇಕಾಗಿಲ್ಲ.